ಪಿಡಿಎಫ್ ನೋಡಿ ದುಡ್ಡು ಕೊಡಬೇಡಿ: ಡಿಟಿಪಿ ಅಂಗಡಿಯಲ್ಲಿ ನನಗಾದದ್ದು

ಕನ್ನಡದಲ್ಲಿ ಏನಾದರೂ ಟೈಪ್ ಮಾಡಿಸಲು ಹೊರಟಿದ್ದೀರಾ? ಐದು ನಿಮಿಷ ಇದನ್ನು ಓದಿ ಆಮೇಲೆ ಹೋಗಿ. ನಾನು 5040 ರೂಪಾಯಿ ಕೊಟ್ಟು ಕೈಗೆ ತಂದದ್ದು ಪ್ರಶ್ನಾರ್ಥಕ ಚಿಹ್ನೆಗಳ ರಾಶಿ. ಎರಡು ವಾರ ಆಯ್ತು, ಸಿಟ್ಟು ಇನ್ನೂ ಇಳಿದಿಲ್ಲ.

ಅಮ್ಮನ ಹತ್ತಿರ ಹಾಡಿನ ನೋಟ್‌ಬುಕ್ ಇದೆ. ಹಸೆಗೆ ಕರೆಯೋ ಹಾಡು, ಆರತಿ ಹಾಡು, ಉರುಟಣೆ ಹಾಡು, ಎಲ್ಲ ಅವಳದ್ದೇ ಕೈಬರಹ. ಅವಳಿಗೆ ಈಗ ಎಂಬತ್ತೆರಡು. ಪುಟಗಳು ಹಪ್ಪಳದ ಹಾಗೆ ಮುರಿಯೋಕೆ ಶುರುವಾಗಿವೆ. ಅದಕ್ಕೇ ಟೈಪ್ ಮಾಡಿಸೋಣ, ಒಂದಿಷ್ಟು ಪ್ರತಿ ಪ್ರಿಂಟ್ ಹಾಕಿಸೋಣ, ಫೈಲನ್ನು ಮನೆಯವರಿಗೆಲ್ಲ ಕಳಿಸೋಣ ಅಂದುಕೊಂಡೆ. ಮೆಲ್ಬರ್ನ್‌ನಲ್ಲಿರುವ ತಂಗಿ ಮಗಳು ಫೋನ್‌ನಲ್ಲಿ ಇಟ್ಟುಕೊಂಡು ಕಲಿಯುತ್ತೇನೆ ಅಂದಿದ್ದಳು. ಹತ್ತಿರದ ಡಿಟಿಪಿ ಅಂಗಡಿಗೆ ಕೊಟ್ಟೆ. ಹೆಸರು ಬರೆಯಲ್ಲ. ಪುಟಕ್ಕೆ 35 ರೂಪಾಯಿ, 112 ಪುಟ, 3920 ರೂಪಾಯಿ. ಅಂಗಡಿಯ ಕಂಪ್ಯೂಟರಿನಲ್ಲಿ ತೋರಿಸಿದರು. ಅಕ್ಷರ ಮುದ್ದಾಗಿತ್ತು. ಪೂರ್ತಿ ದುಡ್ಡು ಕೊಟ್ಟೆ. ಫೈಲ್ ಇಮೇಲ್‌ಗೆ ಬಂತು.

ಮನೆಗೆ ಬಂದು ತೆಗೆದೂ ನೋಡಲಿಲ್ಲ. ಸೀದಾ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟೆ. ಹತ್ತು ನಿಮಿಷಕ್ಕೆ ಹುಡುಗಿ ಕೇಳಿದಳು: "ದೊಡ್ಡಮ್ಮಾ, ಇದು ಯಾವ ಭಾಷೆ?" ತೆಗೆದು ನೋಡಿದರೆ ಮೊದಲ ಪುಟದಲ್ಲಿ ಹೀಗಿತ್ತು:

```
CªÀÄä£À ºÁqÀÄUÀ¼ÀÄ
```

ಅದು "ಅಮ್ಮನ ಹಾಡುಗಳು". ಪಕ್ಕದಲ್ಲಿ ಅಮ್ಮ ಕನ್ನಡಕ ಹಾಕಿಕೊಂಡು ಕಾಯುತ್ತಿದ್ದಳು. ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಕಂಪ್ಯೂಟರ್ ಮುಂದೆ ಕೂತವಳು ನಾನು. ಅವಳಿಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ.

ಅಂಗಡಿಗೆ ಫೋನ್ ಮಾಡಿದೆ. "ನಮ್ಮ ಸಿಸ್ಟಮ್‌ನಲ್ಲಿ ಚೆನ್ನಾಗೇ ಕಾಣ್ತಿದೆಯಲ್ಲ ಮೇಡಂ. ನಿಮ್ಮದರಲ್ಲಿ ವೈರಸ್ ಇರಬೇಕು." ನಾನು ನಂಬಿದೆ! ಅರ್ಧ ದಿನ ವೈರಸ್ ಹುಡುಕುತ್ತಾ ಕೂತೆ. ಮತ್ತೆ ಫೋನ್ ಮಾಡಿದಾಗ, "ನುಡಿ ಹಾಕ್ಕೊಳ್ಳಿ ಮೇಡಂ, ಸರಿಹೋಗುತ್ತೆ" ಅಂದರು. ಹಾಕಿಕೊಂಡೆ. ಹೌದು, ಕನ್ನಡ ಬಂತು. ನನ್ನ ಕಂಪ್ಯೂಟರಿನಲ್ಲಿ ಮಾತ್ರ. ಫೋನಿನಲ್ಲಿ ಅದೇ ಗೋಜಲು. ಯಾವುದಾದರೂ ಹಾಡನ್ನು ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದರೂ ಅದೇ ಗೋಜಲು.

ಇದು ವೈರಸ್ ಅಲ್ಲವೇ ಅಲ್ಲ. ನುಡಿ, ಶ್ರೀಲಿಪಿ ತರಹದ ತಂತ್ರಾಂಶಗಳಲ್ಲಿ ಹಳೆಯ ಆಸ್ಕಿ ಫಾಂಟ್‌ಗಳಿವೆ. ಅದರಲ್ಲಿ ಫೈಲಿನ ಒಳಗೆ ಕನ್ನಡ ಇರುವುದೇ ಇಲ್ಲ, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿರುತ್ತವೆ. ಫಾಂಟ್ ಅವುಗಳ ಮೇಲೆ ಕನ್ನಡದ ಚಿತ್ರ ಕೂರಿಸುತ್ತದೆ ಅಷ್ಟೆ. ನುಡಿಯಲ್ಲಿ `P` ಅಂದರೆ ತಲೆಕಟ್ಟಿಲ್ಲದ ಕ, `À` ಅಂದರೆ ತಲೆಕಟ್ಟು. ಎರಡೂ ಸೇರಿದರೆ ಕ. ಆ ಫಾಂಟ್ ಇಲ್ಲದ ಕಡೆ ಚಿತ್ರ ಹೋಗುತ್ತದೆ, ಒಳಗಿನ `PÀ` ಹೊರಗೆ ಕಾಣುತ್ತದೆ. ಯೂನಿಕೋಡ್‌ನಲ್ಲಿ ಹಾಗಲ್ಲ. ಕ ಅನ್ನೋದಕ್ಕೇ ಅದರದ್ದೇ ಸಂಖ್ಯೆ ಇದೆ. ಯಾವ ಫೋನಿಗೆ ಹೋದರೂ ಅದು ಕ ಆಗಿಯೇ ಉಳಿಯುತ್ತದೆ. ಇದೇನು ಹೊಸದೂ ಅಲ್ಲ, 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಕನ್ನಡ ಇತ್ತು.

ಅಂಗಡಿಯವರು ಹಳೆಯ ಫಾಂಟ್ ಯಾಕೆ ಬಿಡಲ್ಲ ಅಂದರೆ ಪೇಜ್‌ಮೇಕರ್ ಅನ್ನೋ ಪುಟ ಜೋಡಿಸುವ ಹಳೇ ತಂತ್ರಾಂಶ. ಅದಕ್ಕೆ ಯೂನಿಕೋಡ್ ಬರಲ್ಲ, ಅದರಲ್ಲೇ ಕೈ ಪಳಗಿದೆ. ಅದು ತಪ್ಪು ಅನ್ನಲ್ಲ. ಪ್ರಿಂಟಿಗೆ ಅದು ಸಾಕು. ಆದರೆ ಫೈಲ್ ಫೋನಿಗೆ ಬೇಕು ಅಂತ ನಾನು ಮೊದಲ ದಿನವೇ ಹೇಳಿದ್ದೆ!

ಈಗ ನಾನು ಮೋಸ ಹೋದ ಜಾಗ. "ಯೂನಿಕೋಡ್‌ನಲ್ಲಿ ಕೊಡಿ" ಅಂತ ಕೇಳಿದೆ. "ಕನ್ವರ್ಷನ್‌ಗೆ ಪುಟಕ್ಕೆ ಹತ್ತು ರೂಪಾಯಿ ಬೇರೆ" ಅಂದರು. ಒಪ್ಪಿದೆ. ಮಾರನೇ ದಿನ ಪಿಡಿಎಫ್ ಬಂತು. ಫೋನಿನಲ್ಲಿ ತೆಗೆದೆ. ಮುತ್ತಿನಂಥ ಕನ್ನಡ. "ನೋಡಿ ಮೇಡಂ, ಯೂನಿಕೋಡ್ ಮಾಡಿ ಕೊಟ್ಟಿದ್ದೀನಿ." ಥ್ಯಾಂಕ್ಸ್ ಬೇರೆ ಹೇಳಿದೆ. ನಿಂತ ಕಾಲಲ್ಲೇ 1120 ರೂಪಾಯಿ ಕಳಿಸಿದೆ.

ಸಂಜೆ ತಂಗಿ ಫೋನ್. "ಅಕ್ಕಾ, ಆರತಿ ಹಾಡು ಕಾಪಿ ಮಾಡಿ ಮಗಳಿಗೆ ಕಳಿಸಿದೆ, ಮತ್ತೆ ಅದೇ ಗೋಜಲು ಬರ್ತಿದೆ ಕಣೇ." ನಾನೂ ಪಿಡಿಎಫ್‌ನಲ್ಲಿ "ಆರತಿ" ಅಂತ ಹುಡುಕಿದೆ. ಕಣ್ಣೆದುರಿಗೇ ಆರತಿ ಹಾಡು ಇದೆ, ಒಂದೂ ಸಿಗಲಿಲ್ಲ. ಆ ಮನುಷ್ಯ ಏನೂ ಬದಲಾಯಿಸಿರಲಿಲ್ಲ. ಅದೇ ನುಡಿ ಫೈಲನ್ನು ಪಿಡಿಎಫ್ ಮಾಡಿದ್ದರು. ಪಿಡಿಎಫ್ ಮಾಡುವಾಗ ಫಾಂಟ್ ಒಳಗೇ ಸೇರಿಕೊಳ್ಳುತ್ತದೆ, ಅದಕ್ಕೇ ಎಲ್ಲಿ ತೆಗೆದರೂ ಚೆನ್ನಾಗಿ ಕಾಣುತ್ತದೆ. ಒಳಗಿರೋದು ಅದೇ `CªÀÄä`. ಎರಡು ನಿಮಿಷದ ಕೆಲಸಕ್ಕೆ 1120 ರೂಪಾಯಿ. ಕಾಣೋದು ಕನ್ನಡ ಅಂದಮಾತ್ರಕ್ಕೆ ಒಳಗೂ ಕನ್ನಡ ಅಂತ ನಂಬಬೇಡಿ. ದಯವಿಟ್ಟು ನಂಬಬೇಡಿ.

ಜೋರು ಮಾಡಿದೆ. ಆಗ ಒಂದು `.txt` ಫೈಲ್ ಬಂತು. ತೆಗೆದರೆ:

```
????? ???????
```

112 ಪುಟವೂ ಹೀಗೇ. ಕೇಳಿದರೆ, "ಫಾಂಟ್ ಹಾಕಿಲ್ಲ ನೀವು, ಅದಕ್ಕೇ." ಇಲ್ಲ! ಫಾಂಟ್ ಇಲ್ಲದಿದ್ದರೆ ನುಡಿ ಫೈಲಿನಲ್ಲಿ ಬರೋದು ಆ ಗೋಜಲು, ಯೂನಿಕೋಡ್ ಫೈಲಿನಲ್ಲಿ ಖಾಲಿ ಚೌಕ, ಪ್ರಶ್ನೆ ಚಿಹ್ನೆ ಅಲ್ಲ. ನೋಟ್‌ಪ್ಯಾಡ್‌ನಲ್ಲಿ Ctrl+F ಒತ್ತಿ `?` ಹುಡುಕಿದೆ. ಒಂದೊಂದೂ ಸಿಕ್ಕಿತು. ಅಂದರೆ ಫೈಲಿನಲ್ಲಿ ಇರೋದೇ ನಿಜವಾದ ಪ್ರಶ್ನೆ ಚಿಹ್ನೆ. ಎಣಿಸಿಯೂ ನೋಡಿದೆ. ಅಮ್ಮನ: ಅ, ಮ, ಒತ್ತಿಗೆ ಬೇಕಾದ ವಿರಾಮ, ಮ, ನ. ಐದು. ಚಿಹ್ನೆಯೂ ಐದು. ಆಗಿದ್ದೇನು ಅಂದರೆ, ಈ ಸಲ ನಿಜವಾಗಿ ಯೂನಿಕೋಡ್ ಮಾಡಿದ್ದರು. ಆದರೆ ಉಳಿಸುವಾಗ `ANSI` ಅಂತ ಉಳಿಸಿದ್ದರು. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ, ಪ್ರತಿಯೊಂದು ಅಕ್ಷರ ಚಿಹ್ನೆಯ ಜಾಗಕ್ಕೂ ಒಂದು `?` ಬೀಳುತ್ತದೆ. ಹೀಗೆ ಉಳಿಸಲು ಹೊರಟರೆ ಅಕ್ಷರ ಕಳೆದುಹೋಗುತ್ತೆ ಅಂತ ನೋಟ್‌ಪ್ಯಾಡ್ ಮೊದಲೇ ಎಚ್ಚರಿಸುತ್ತದೆ. ಓದದೆ ಓಕೆ ಒತ್ತಿದ್ದಾರೆ. ಹೀಗಾದ ಫೈಲನ್ನು ಯಾವ ಫಾಂಟೂ, ಯಾವ ಕನ್ವರ್ಟರೂ ಸರಿ ಮಾಡಲಾರದು. ಕನ್ನಡ ಅದರಲ್ಲಿ ಉಳಿದೇ ಇಲ್ಲ. `UTF-8` ಅಂತ ಉಳಿಸಿದ್ದರೆ ಮುಗಿದಿತ್ತು.

"ಮತ್ತೆ ಮಾಡಿ ಕೊಡಿ" ಅಂದೆ. "ಹಳೇ ಫೈಲ್ ಡಿಲೀಟ್ ಆಗಿದೆ ಮೇಡಂ, ಮತ್ತೆ ಟೈಪ್ ಮಾಡಿಸಬೇಕು, ನಿಮಗೆ ರೇಟ್ ಕಡಿಮೆ ಮಾಡ್ತೀನಿ." ಫೋನ್ ಇಟ್ಟುಬಿಟ್ಟೆ.

ನನ್ನ ಪುಣ್ಯ, ಮೊದಲ ದಿನ ಬಂದ ನುಡಿ ಫೈಲ್ ಇಮೇಲ್‌ನಲ್ಲಿ ಹಾಗೇ ಇತ್ತು. ಆ ಗೋಜಲು ಕೆಟ್ಟ ಫೈಲ್ ಅಲ್ಲ. `PÀ` ಯಾವತ್ತಿದ್ದರೂ ಕ, ಆದ್ದರಿಂದ ಅದನ್ನು ಯೂನಿಕೋಡ್‌ಗೆ ತಿರುಗಿಸಬಹುದು. ಆಸ್ಕಿಯಿಂದ ಯೂನಿಕೋಡ್‌ಗೆ ತಿರುಗಿಸುವ ಕನ್ವರ್ಟರ್‌ಗಳು ಉಚಿತವಾಗೇ ಸಿಗುತ್ತವೆ. ನಾನೇ ಮಾಡಿದೆ. 112 ಪುಟ, ಅರ್ಧ ಗಂಟೆಯೂ ಹಿಡಿಯಲಿಲ್ಲ. ಯಾವ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಅಂತ ಮಾತ್ರ ಗೊತ್ತಿರಬೇಕು. ಶ್ರೀಲಿಪಿಯ ಜೋಡಣೆ ಬೇರೆ, ಅದನ್ನು ನುಡಿ ಕನ್ವರ್ಟರ್‌ಗೆ ಹಾಕಿದರೆ ಇನ್ನೊಂದು ಥರದ ಗೋಜಲು ಬರುತ್ತದೆ.

ತಿರುಗಿಸಿದ ಮೇಲೂ ಪೂರ್ತಿ ಓದಬೇಕು. ನನ್ನ ಫೈಲಿನಲ್ಲಿ ಪಾರ್ವತಿ ಎಲ್ಲ ಕಡೆ "ಪಾವರ್ತಿ" ಆಗಿದ್ದಳು. ನುಡಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲಿ, ಅಂದರೆ ವ ಆದ ಮೇಲೆ ಇರುತ್ತದೆ: `¥ÁªÀðw`. ಯೂನಿಕೋಡ್‌ನಲ್ಲಿ ಬಾಯಲ್ಲಿ ಹೇಳುವ ಕ್ರಮದಲ್ಲಿ, ಮೊದಲು ರ್ ಆಮೇಲೆ ವ ಬರಬೇಕು. ಕನ್ವರ್ಟರ್ ಅದನ್ನು ಹಿಂದಕ್ಕೆ ಸರಿಸದಿದ್ದರೆ ಅರ್ಕಾವತ್ತು ಮುಂದಿನ ಅಕ್ಷರಕ್ಕೆ ಹೋಗಿ ಕೂರುತ್ತದೆ. ಎಷ್ಟೋ ಕಡೆ "ಕನಾರ್ಟಕ" ಅಂತ ನೋಡಿರುತ್ತೀರಲ್ಲ, ಹೀಗೇ ಆಗೋದು.

ಸರಿಯಾದ ಫೈಲ್ ಕಳಿಸಿದ ಮೇಲೆ ತಂಗಿಯ ಹಳೇ ಲ್ಯಾಪ್‌ಟಾಪ್‌ನಲ್ಲಿ ಬರೀ ಚೌಕ ಬಂತು. ನನ್ನ ಎದೆ ಧಸಕ್ ಅಂತು. ಆದರೆ ಅದೇ ಚೌಕಗಳನ್ನು ಕಾಪಿ ಮಾಡಿ ಫೋನಿಗೆ ಕಳಿಸಿದಾಗ ಕನ್ನಡವೇ ಬಂತು. ಅಂದರೆ ಫೈಲ್ ಸರಿ ಇದೆ, ಅವಳ ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲ. `Noto Sans Kannada` ಹಾಕಿದಳು, ಸರಿಹೋಯಿತು. ಇದೊಂದರಲ್ಲಿ ಕಳಿಸಿದವರ ತಪ್ಪಿಲ್ಲ. ಇನ್ನೊಂದು, `à²•à²¨` ಅಂತ ಸಾಲುದ್ದಕ್ಕೂ `à²` ಕಂಡರೆ ಒಳಗೆ ಒಳ್ಳೆಯ ಯೂನಿಕೋಡೇ ಇದೆ, ತೆರೆದ ತಂತ್ರಾಂಶ ಅದನ್ನು ತಪ್ಪಾಗಿ ಓದುತ್ತಿದೆ. ತೆರೆಯುವಾಗ `UTF-8` ಅಂತ ಆರಿಸಿ. ಅದಕ್ಕೆ ಯಾರಿಗೂ ದುಡ್ಡು ಕೊಡಬೇಡಿ.

ಅಂಗಡಿಯವರನ್ನು ಇಷ್ಟು ಕೇಳಿ, ಮುಂಗಡ ಕೊಡುವ ಮೊದಲೇ ಕೇಳಿ. ಯಾವ ತಂತ್ರಾಂಶ, ಯಾವ ಫಾಂಟ್? ಯೂನಿಕೋಡಾ? "ಹೂಂ" ಅಂದರೆ ಅಲ್ಲಿಗೇ ಬಿಡಬೇಡಿ. ಮೊದಲ ಪುಟ ಟೈಪ್ ಆದ ಕೂಡಲೇ ನಾಲ್ಕು ಸಾಲು ಕಾಪಿ ಮಾಡಿ ವಾಟ್ಸಾಪ್ ಮೆಸೇಜ್ ಆಗಿ ಕಳಿಸಿ ಅನ್ನಿ. ಫೋಟೋ ಬೇಡ, ಪಿಡಿಎಫ್ ಬೇಡ, ಮೆಸೇಜ್. ಫೋನಿನಲ್ಲಿ ಕನ್ನಡ ಬಂದರೆ ಮುಂದಿನ ಪುಟ. ಟೈಪ್ ಮಾಡಿದ ಮೂಲ ಫೈಲ್ ಇಸ್ಕೊಂಡು, ಅದನ್ನು ಮುಟ್ಟದೆ ಬೇರೆ ಇಟ್ಟುಕೊಳ್ಳಿ. ಆ ಒಂದು ಇಮೇಲ್ ಅಳಿಸಿದ್ದರೆ ಇವತ್ತು ನನ್ನ ಹತ್ತಿರ ಏನೂ ಇರುತ್ತಿರಲಿಲ್ಲ.

ಆ 1120 ರೂಪಾಯಿ ವಾಪಸ್ ಕೇಳಿದೆ. "ಕೆಲಸ ಮಾಡಿ ಕೊಟ್ಟಿದ್ದೀವಲ್ಲ ಮೇಡಂ" ಅಂತ ಉತ್ತರ ಬಂತು, ಅದಾದ ಮೇಲೆ ನನ್ನ ಫೋನ್ ಎತ್ತುತ್ತಿಲ್ಲ. ಅಮ್ಮ ನೋಟ್‌ಬುಕ್ ಹಿಡಿದು ಓದುತ್ತಾಳೆ, ನಾನು ತಿದ್ದುತ್ತೇನೆ. ಹಸೆ ಹಾಡು ಮುಗಿದಿದೆ. ಉರುಟಣೆ ಹಾಡುಗಳಲ್ಲಿ ಹನ್ನೊಂದು ಬಾಕಿ ಇವೆ.