ಹಣತೆಯ ಸಾಲು, ಸೀರಿಯಲ್ ದೀಪ ಮತ್ತು ನಿಕಾನ್ ಡಿ7500: ಹಲವು ದೀಪಾವಳಿಗಳ ಬಳಕೆಯ ನಂತರ

ನಿಕಾನ್ ಡಿ7500 ಕ್ಯಾಮರಾವನ್ನು 18-140 ಮಿ.ಮೀ. ಲೆನ್ಸ್‌ನೊಂದಿಗೆ ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. 2017ರಲ್ಲಿ ಮಾರುಕಟ್ಟೆಗೆ ಬಂದ ಈ ಕ್ಯಾಮರಾವನ್ನು ಹಕ್ಕಿ, ಕ್ರೀಡೆ, ಮದುವೆಗಳ ದೃಷ್ಟಿಯಿಂದ ಅಳೆದವರು ಬಹಳ ಮಂದಿ ಇದ್ದಾರೆ. ನಾನು ಒಂದೇ ಒಂದು ಕೆಲಸದ ದೃಷ್ಟಿಯಿಂದ ಬರೆಯುತ್ತಿದ್ದೇನೆ: ದೀಪಾವಳಿಯ ಸಂಜೆ ಹಣತೆ ಮತ್ತು ಸೀರಿಯಲ್ ದೀಪಗಳಿಂದ ಬೆಳಗುವ ಮನೆಯ ಮುಂಭಾಗವನ್ನು, ದೀಪಗಳು ಬಿಳಿ ಕಲೆಗಳಾಗಿ ಹೋಗದಂತೆ ಮತ್ತು ಗೋಡೆ ಕಪ್ಪಾಗಿ ಮುಳುಗದಂತೆ ಚಿತ್ರದಲ್ಲಿ ಹಿಡಿಯುವುದು. ನಮ್ಮದು ಮೈಸೂರಿನ ಹಳೆಯ ಬಡಾವಣೆಯ ಹೆಂಚಿನ ಮನೆ. ಮುಂದೆ ಜಗಲಿ, ಮೂರು ಮೆಟ್ಟಿಲು, ಅಂಗಳದಲ್ಲಿ ತುಳಸಿಕಟ್ಟೆ. ಹಣತೆಗಳು ಮೆಟ್ಟಿಲು ಮತ್ತು ಜಗಲಿಯ ಅಂಚಿನಲ್ಲಿರುತ್ತವೆ, ಸೀರಿಯಲ್ ಸೆಟ್ ಮಾಡಿನ ಅಂಚಿನಲ್ಲಿರುತ್ತದೆ.

ಈ ದೃಶ್ಯ ಎಷ್ಟು ಕಠಿಣವೆಂಬುದನ್ನು ಮೊದಲು ತಿಳಿಯಬೇಕು, ಏಕೆಂದರೆ ಕ್ಯಾಮರಾದಿಂದ ಏನನ್ನು ನಿರೀಕ್ಷಿಸಬಹುದು ಎಂಬುದು ಅದರಿಂದಲೇ ತೀರ್ಮಾನವಾಗುತ್ತದೆ. ಹಣತೆಯ ಉರಿಯಿಂದ ಎರಡು ಸೆಂಟಿಮೀಟರ್ ದೂರದಲ್ಲಿರುವ ಮಣ್ಣಿನ ಅಂಚಿಗೆ ಬೀಳುವ ಬೆಳಕಿಗೂ, ಅದೇ ಹಣತೆಯಿಂದ ಅರ್ಧ ಮೀಟರ್ ದೂರದ ಗೋಡೆಗೆ ಬೀಳುವ ಬೆಳಕಿಗೂ ಸುಮಾರು ಆರುನೂರು ಪಟ್ಟು ಅಂತರವಿರುತ್ತದೆ. ದೂರ ಹೆಚ್ಚಿದಂತೆ ಬೆಳಕು ಅದರ ವರ್ಗದ ಪ್ರಮಾಣದಲ್ಲಿ ಕುಗ್ಗುವುದೇ ಇದಕ್ಕೆ ಕಾರಣ. ಛಾಯಾಗ್ರಹಣದ ಲೆಕ್ಕದಲ್ಲಿ ಅದು ಒಂಬತ್ತು ಸ್ಟಾಪ್‌ಗಿಂತ ಹೆಚ್ಚು; ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟಾಗುವುದು. ಉರಿಯ ನಡುಭಾಗವಂತೂ ಹಣತೆಯ ಅಂಚಿಗಿಂತಲೂ ಬಹಳ ಪ್ರಖರ. ಆದ್ದರಿಂದ ಉರಿಯ ಒಳಭಾಗದ ಪ್ರತಿಯೊಂದು ವಿವರವನ್ನೂ ಉಳಿಸುವುದು ನನ್ನ ಗುರಿಯಲ್ಲ. ಉರಿಗೆ ಒಂದು ಆಕಾರವಿರಬೇಕು, ಅದರ ಸುತ್ತ ಹಳದಿಯಿಂದ ಕಿತ್ತಳೆಗೆ ತಿರುಗುವ ಬಣ್ಣ ಉಳಿಯಬೇಕು, ಹಣತೆಯ ಅಂಚು ಮಣ್ಣಿನಂತೆಯೇ ಕಾಣಬೇಕು. ಇಷ್ಟು ಉಳಿದರೆ ನೋಡುವವರ ಕಣ್ಣಿಗೆ ಅದು ದೀಪವಾಗಿರುತ್ತದೆ.

ಡಿ7500ರಲ್ಲಿ ಈ ಕೆಲಸಕ್ಕೆ ನೇರವಾಗಿ ಒದಗುವ ಸೌಲಭ್ಯವೆಂದರೆ ಹೈಲೈಟ್-ವೇಟೆಡ್ ಮೀಟರಿಂಗ್, ಅಂದರೆ ದೃಶ್ಯದ ಅತ್ಯಂತ ಪ್ರಕಾಶಮಾನ ಭಾಗಗಳಿಗೆ ಹೆಚ್ಚು ಮಹತ್ವ ಕೊಟ್ಟು ಬೆಳಕನ್ನು ಅಳೆಯುವ ಕ್ರಮ. ಇಡೀ ಚೌಕಟ್ಟನ್ನು ಗಣಿಸುವ ಮ್ಯಾಟ್ರಿಕ್ಸ್ ಮೀಟರಿಂಗ್‌ನಲ್ಲಿ ಕತ್ತಲಾದ ಅಂಗಳವೇ ಚೌಕಟ್ಟಿನ ಬಹುಭಾಗವನ್ನು ಆವರಿಸುವುದರಿಂದ ಕ್ಯಾಮರಾ ಎಕ್ಸ್‌ಪೋಷರ್ ಹೆಚ್ಚಿಸುತ್ತದೆ, ಮಾಡಿನ ಅಂಚಿನ ಸೀರಿಯಲ್ ದೀಪಗಳೆಲ್ಲ ಕೂಡಿಕೊಂಡು ಒಂದು ಬಿಳಿ ಪಟ್ಟಿಯಾಗುತ್ತವೆ. ಹೈಲೈಟ್-ವೇಟೆಡ್ ಕ್ರಮಕ್ಕೆ ಬದಲಿಸಿದ ಕೂಡಲೇ ಪಟ್ಟಿ ಬಿಡಿಬಿಡಿಯಾಗುತ್ತದೆ, ಹೆಂಚಿನ ಅಂಚು ಮರಳಿ ಕಾಣಿಸಿಕೊಳ್ಳುತ್ತದೆ. ಜಗಲಿಯ ಹಣತೆಸಾಲಿಗೆ ಹತ್ತಿರದಿಂದ ಲೆನ್ಸ್ ಹಿಡಿದಾಗ ಅದರ ತೀರ್ಮಾನವನ್ನು ನಾನು ತಿದ್ದುವುದೇ ಅಪರೂಪ.

ಆದರೆ ಇಡೀ ಮನೆಯನ್ನು 18 ಮಿ.ಮೀ.ನಲ್ಲಿ ಚೌಕಟ್ಟಿಗೆ ತಂದಾಗ ಇದರ ಮಿತಿ ಗೊತ್ತಾಗುತ್ತದೆ. ಬೆಳಕನ್ನು ಅಳೆಯುವ ಸೆನ್ಸರ್‌ನಲ್ಲಿರುವುದು 1,80,000 ಪಿಕ್ಸೆಲ್, ಚಿತ್ರ ದಾಖಲಿಸುವ ಸೆನ್ಸರ್‌ನಲ್ಲಿರುವುದು ಎರಡು ಕೋಟಿಗೂ ಹೆಚ್ಚು. ರಸ್ತೆಯ ಆಚೆಯಿಂದ ನೋಡಿದಾಗ ಒಂದು ಉರಿ ಅಳತೆಯ ಸೆನ್ಸರ್‌ನಲ್ಲಿ ಒಂದು ಚುಕ್ಕೆಯಷ್ಟೂ ತುಂಬುವುದಿಲ್ಲ. ಪಕ್ಕದ ಕತ್ತಲೆಯೊಡನೆ ಬೆರೆತು ಮಂಕಾಗಿಯೇ ಲೆಕ್ಕಕ್ಕೆ ಬರುತ್ತದೆ. ಹೀಗಾಗಿ ದೂರದ ಚಿತ್ರಗಳಲ್ಲಿ ಸೀರಿಯಲ್ ದೀಪಗಳು ಉಳಿದರೂ ಹಣತೆಗಳು ಉಳಿಯುವುದಿಲ್ಲ. ಅಲ್ಲಿ ಮೀಟರನ್ನು ಆರಂಭದ ಸೂಚನೆಯಾಗಿ ಮಾತ್ರ ತೆಗೆದುಕೊಂಡು ಮ್ಯಾನುಯಲ್ ಮೋಡ್‌ಗೆ ಹೋಗಬೇಕು.

ಮ್ಯಾನುಯಲ್‌ನಲ್ಲಿ ನೆಚ್ಚಬೇಕಾದದ್ದು ಹಿಸ್ಟೋಗ್ರಾಮನ್ನು, ಅಂದರೆ ಚಿತ್ರದಲ್ಲಿ ಕತ್ತಲು ಬೆಳಕು ಎಷ್ಟೆಷ್ಟಿದೆ ಎಂದು ತೋರಿಸುವ ಗ್ರಾಫನ್ನು, ಅದರಲ್ಲಿಯೂ ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆಬೇರೆಯಾಗಿ ತೋರಿಸುವ ಪುಟವನ್ನು. ಹಣತೆಯ ಬೆಳಕು ಸುಮಾರು 1900 ಕೆಲ್ವಿನ್‌ನಷ್ಟು ಕೆಂಪು ಹೊಯ್ದದ್ದು. ಎಣ್ಣೆಯ ದೀಪಗಳೇ ತುಂಬಿದ ಚೌಕಟ್ಟಿನಲ್ಲಿ ಒಟ್ಟು ಬೆಳಕಿನ ಗ್ರಾಫ್ ಸುರಕ್ಷಿತವಾಗಿ ಕಂಡರೂ ಕೆಂಪು ವಾಹಿನಿ ಗ್ರಾಫಿನ ಬಲತುದಿಗೆ ಒತ್ತಿಕೊಂಡು ಮಿತಿ ಮೀರಿರಬಹುದು. ಹಾಗಾದಾಗ ಚಿತ್ರದಲ್ಲಿ ಕಾಣುವ ದೋಷ ಬಿಳಿ ಕಲೆಯಲ್ಲ; ಉರಿಯ ಸುತ್ತಲಿನ ಪ್ರಭೆ ಹಂತಹಂತವಾಗಿ ಕರಗುವ ಬದಲು ಒಂದೇ ಹಳದಿ ಬಳಿದಂತೆ ಚಪ್ಪಟೆಯಾಗುತ್ತದೆ, ಹಣತೆಯ ಗೆರೆಗಳು ಅಳಿಸಿಹೋಗುತ್ತವೆ. ಇಲ್ಲಿ ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣಕ್ಕೆ ತಕ್ಕಂತೆ ಚಿತ್ರದ ಬಣ್ಣವನ್ನು ಹೊಂದಿಸುವ ಕ್ರಮದ ಪಾತ್ರವೂ ದೊಡ್ಡದು. ಕ್ಯಾಮರಾ ತೋರಿಸುವ ಹಿಸ್ಟೋಗ್ರಾಮ್ ಸಂಸ್ಕರಿಸಿದ ಜೆಪೆಗ್‌ನದೇ ಹೊರತು, ಸೆನ್ಸರ್ ದಾಖಲಿಸಿದ್ದನ್ನು ಹಾಗೆಯೇ ಉಳಿಸುವ ರಾ ಫೈಲಿನದಲ್ಲ. ಬಿಸಿಲಿನ ವೈಟ್ ಬ್ಯಾಲೆನ್ಸ್ ಇಟ್ಟರೆ ಕೆಂಪನ್ನು ಕ್ಯಾಮರಾ ಇನ್ನಷ್ಟು ಎತ್ತುವುದರಿಂದ, ರಾ ಫೈಲಿನಲ್ಲಿ ಉಳಿದಿರುವ ವಿವರವೂ ಕಳೆದುಹೋದಂತೆ ಗ್ರಾಫ್ ಹೇಳುತ್ತದೆ. ನಾನು ಸುಮಾರು 3300 ಕೆಲ್ವಿನ್‌ಗೆ ಕಟ್ಟಿಹಾಕುತ್ತೇನೆ. ಆಗ ಗ್ರಾಫ್ ಸತ್ಯಕ್ಕೆ ಹತ್ತಿರವಿರುತ್ತದೆ, ಹಣತೆ ಹೊಂಬಣ್ಣದಲ್ಲಿಯೇ ಉಳಿಯುತ್ತದೆ, ಸಂಜೆಯ ಆಕಾಶಕ್ಕೆ ಗಾಢ ನೀಲಿ ಬರುತ್ತದೆ. ಚಿತ್ರದ ಬಣ್ಣ, ಕಾಂಟ್ರಾಸ್ಟ್ ನಿರ್ಧರಿಸುವ ಪಿಕ್ಚರ್ ಕಂಟ್ರೋಲ್‌ನಲ್ಲಿ ಫ್ಲ್ಯಾಟ್ ಆರಿಸಿಕೊಂಡರೆ ಇನ್ನೂ ಒಳ್ಳೆಯದು.

ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಸಮಯ. ದೀಪಾವಳಿಯ ಹೊತ್ತಿಗೆ ಮೈಸೂರಿನಲ್ಲಿ ಸಂಜೆ ಆರರ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ. ಆನಂತರದ ಹದಿನೆಂಟರಿಂದ ಇಪ್ಪತ್ತೆರಡು ನಿಮಿಷದ ನಡುವೆ ಆಕಾಶದ ಬೆಳಕು ಗೋಡೆಯನ್ನು ಇನ್ನೂ ತುಸು ಬೆಳಗುತ್ತಿರುತ್ತದೆ, ದೀಪಗಳೂ ಎದ್ದು ಕಾಣಲು ತೊಡಗಿರುತ್ತವೆ. ಹತ್ತು ನಿಮಿಷ ತಡವಾದರೆ ಆಕಾಶ ಕಪ್ಪಾಗುತ್ತದೆ. ಆಗ ಗೋಡೆಯನ್ನು ಕಾಣಿಸಲು ದೀಪದ ಬೆಳಕೊಂದನ್ನೇ ನೆಚ್ಚಬೇಕಾಗಿ, ಮೇಲೆ ಹೇಳಿದ ಅಂತರ ಪೂರ್ತಿಯಾಗಿ ಎದುರಾಗುತ್ತದೆ. ಮೈಸೂರು ಅರಮನೆಯ ದೀಪಾಲಂಕಾರವೂ ಇದಕ್ಕೆ ಸಾಕ್ಷಿ. ಸುಮಾರು 97,000 ಬಲ್ಬುಗಳು ಭಾನುವಾರಗಳಂದು ಸಂಜೆ ಏಳಕ್ಕೆ ಹೊತ್ತಿಕೊಳ್ಳುತ್ತವೆ. ಜೂನ್ ಕೊನೆಯಲ್ಲಿ ಮೋಡವಿಲ್ಲದಿದ್ದರೆ ಆ ಹೊತ್ತಿಗೆ ಆಕಾಶ ಇನ್ನೂ ನೀಲಿಯಾಗಿರುತ್ತದೆ, ದಸರೆಯ ಹೊತ್ತಿಗೆ ಕತ್ತಲಾಗಿರುತ್ತದೆ. ಕಟ್ಟಡದ ಮೈ ಕಾಣುವ ಅರಮನೆಯ ಚಿತ್ರ ಬೇಕಿದ್ದವರು ದಸರೆಗಿಂತ ಆ ದಿನಗಳಲ್ಲಿ ಹೋಗುವುದು ಮೇಲೆಂದು ನನ್ನ ಅಭಿಪ್ರಾಯ.

ಅಮಾವಾಸ್ಯೆಯ ಸಂಜೆ ನಾನು ಅನುಸರಿಸುವ ಕ್ರಮ ಹೀಗಿದೆ. ಬೆಳಕಿರುವಾಗಲೇ ಟ್ರೈಪಾಡನ್ನು ಅಂಗಳದ ಗೇಟಿನ ಬಳಿ ನಿಲ್ಲಿಸಿ, ಬಾಗಿಲ ಚೌಕಟ್ಟಿನ ಮೇಲೆ ಫೋಕಸ್ ಮಾಡಿ, ಲೆನ್ಸನ್ನು ಮ್ಯಾನುಯಲ್ ಫೋಕಸ್‌ಗೆ ತಿರುಗಿಸಿ, ಕಂಪನ ತಡೆಯುವ ವಿಆರ್ ಅನ್ನು ಆಫ್ ಮಾಡುತ್ತೇನೆ. ಲೆನ್ಸಿನ ಮುಂದಿನ ಯುವಿ ಫಿಲ್ಟರ್ ತೆಗೆಯುತ್ತೇನೆ. ಅದು ಇದ್ದರೆ ಪ್ರತಿಯೊಂದು ದೀಪದ ಪ್ರತಿಬಿಂಬವೂ ಚೌಕಟ್ಟಿನ ಎದುರು ಭಾಗದಲ್ಲಿ ಹಸಿರು ಚುಕ್ಕೆಯಾಗಿ ತೇಲುತ್ತದೆ. ಜಗಲಿಯ ಟ್ಯೂಬ್‌ಲೈಟ್ ಆರಿಸುವಂತೆ ಮನೆಯವರಿಗೆ ಮೊದಲೇ ಹೇಳಿರುತ್ತೇನೆ. ಐಎಸ್‌ಒ 100, ಅಪರ್ಚರ್ f/5.6. ಸಣ್ಣ ಅಪರ್ಚರ್ ಇಟ್ಟು ದೀಪಗಳಿಗೆ ನಕ್ಷತ್ರದ ಕಿರಣ ತರುವುದು ಕೆಲವರಿಗೆ ಇಷ್ಟ, ಆದರೆ ಸಾಲು ದೀಪಗಳಲ್ಲಿ ಆ ಕಿರಣಗಳು ಒಂದರ ಮೇಲೊಂದು ಬಿದ್ದು ಹೆಂಚಿನ ವಿವರವನ್ನು ಮುಚ್ಚುತ್ತವೆ.

ಬಳಿಕ ಮೂರು ಚಿತ್ರಗಳು: ಒಂದು ಸೆಕೆಂಡ್, 1/8 ಸೆಕೆಂಡ್, 1/60 ಸೆಕೆಂಡ್. ಮೊದಲನೆಯದರಲ್ಲಿ ಗೋಡೆ, ಕಿಟಕಿಯ ಸರಳು, ರಂಗೋಲಿ ಮತ್ತು ಆಕಾಶ ಸರಿಯಾಗಿ ಬರುತ್ತವೆ, ದೀಪಗಳು ಬಿಳಿಯಾಗುತ್ತವೆ. ಎರಡನೆಯದರಲ್ಲಿ ಸೀರಿಯಲ್ ಬಲ್ಬುಗಳ ನಡುವಿನ ತಂತಿ ಮತ್ತು ಹೆಂಚಿನ ತುದಿ ಕಾಣುತ್ತವೆ. ಮೂರನೆಯದರಲ್ಲಿ ಹಣತೆಯ ಅಂಚು, ಎಣ್ಣೆಯ ಹೊಳಪು, ಉರಿಯ ಆಕಾರ ಮಾತ್ರವಿದ್ದು ಉಳಿದದ್ದು ಕತ್ತಲು. ಪ್ರತಿ ಹೆಜ್ಜೆಗೂ ಮೂರು ಸ್ಟಾಪ್, ಅಂದರೆ ಡಯಲಿನಲ್ಲಿ ಒಂಬತ್ತು ತಿರುವು. ಎಕ್ಸ್‌ಪೋಷರ್ ಡಿಲೇ ಮೋಡ್ ಹಾಕಿಕೊಂಡರೆ ಗುಂಡಿ ಒತ್ತಿದ ಅದುರು ಅಡಗಿದ ಮೇಲೆಯೇ ಚಿತ್ರ ತೆಗೆಯುತ್ತದೆ. ಬೇರೆಬೇರೆ ಎಕ್ಸ್‌ಪೋಷರ್‌ನ ಚಿತ್ರಗಳನ್ನು ಕ್ಯಾಮರಾದೊಳಗೇ ಬೆಸೆಯುವ ಎಚ್‌ಡಿಆರ್ ರಾ ಫೈಲಿನೊಡನೆ ಕೆಲಸ ಮಾಡದ ಕಾರಣ ನಾನು ಅದನ್ನು ಬಳಸುವುದಿಲ್ಲ. ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಮೂರನ್ನೂ ಪದರಗಳಾಗಿ ಇಟ್ಟು, ಒಂದು ಸೆಕೆಂಡಿನ ಚಿತ್ರದ ಮೇಲೆ ಉಳಿದೆರಡರ ದೀಪದ ಭಾಗಗಳನ್ನಷ್ಟೇ ಮೃದುವಾದ ಮಾಸ್ಕ್‌ನಿಂದ ತೆರೆಯುತ್ತೇನೆ. 1/60ರ ಪದರವನ್ನು ಪೂರ್ತಿಯಾಗಿ ತೆರೆದರೆ ಹಣತೆಗಳು ಕತ್ತರಿಸಿ ಅಂಟಿಸಿದಂತೆ ಕಾಣುತ್ತವೆ. ಅರ್ಧದಷ್ಟು ತೆರೆದಾಗ ಪ್ರಭೆಯೂ ಉಳಿಯುತ್ತದೆ, ಅಂಚೂ ಉಳಿಯುತ್ತದೆ.

ಎಲ್‌ಇಡಿ ಸೀರಿಯಲ್ ಸೆಟ್‌ಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಅಗ್ಗದ ಸೆಟ್‌ಗಳು ಸೆಕೆಂಡಿಗೆ 50 ಅಥವಾ 100 ಬಾರಿ ಮಿನುಗುತ್ತವೆ. ಕಣ್ಣಿಗೆ ಇದು ತಿಳಿಯದಿದ್ದರೂ 1/60ರಲ್ಲಿ ಕೆಲವು ಎಳೆಗಳು ಮಂಕಾಗಿಯೋ ಆರಿದಂತೆಯೋ ದಾಖಲಾಗುತ್ತವೆ. ಆ ಪದರದಿಂದ ನಾನು ಹಣತೆಗಳನ್ನು ಮಾತ್ರ ಎತ್ತಿಕೊಳ್ಳುವುದು ಈ ಕಾರಣಕ್ಕೇ. ಒಂದೇ ಚಿತ್ರದಲ್ಲಿ ಮುಗಿಸಬೇಕೆನ್ನುವವರು 1/25 ಅಥವಾ ಅದಕ್ಕಿಂತ ನಿಧಾನದ ವೇಗದಲ್ಲಿರಬೇಕು. ಬಣ್ಣದಲ್ಲಿ ವಾರ್ಮ್ ವೈಟ್ ಸೆಟ್ಟನ್ನೇ ಆರಿಸಬೇಕು. ತಂಪು ಬಿಳಿಯ ಸೆಟ್ 6000 ಕೆಲ್ವಿನ್‌ಗೂ ಮೇಲಿರುವುದರಿಂದ ಹಣತೆಯೊಡನೆ ಯಾವ ವೈಟ್ ಬ್ಯಾಲೆನ್ಸ್‌ನಲ್ಲಿಯೂ ಹೊಂದುವುದಿಲ್ಲ, ಕೆಂಪು ಹೆಂಚಿನ ಮೇಲೆ ನೀಲಿ ಬಳಿಯುತ್ತದೆ. ಸೆಟ್ಟನ್ನು ಮಾಡಿನ ಹೊರ ಅಂಚಿಗೆ ತೂಗಿಬಿಡುವ ಬದಲು ಒಳಬದಿಯ ಪಟ್ಟಿಗೆ ಕಟ್ಟಿದರೆ ಬಲ್ಬುಗಳು ನೇರವಾಗಿ ಲೆನ್ಸಿಗೆ ಕಾಣದೆ ಗೋಡೆಯನ್ನು ಬೆಳಗುತ್ತವೆ. ಇದೊಂದರಿಂದಲೇ ಚಿತ್ರದ ಅರ್ಧ ಸಮಸ್ಯೆ ತೀರುತ್ತದೆ. ಹಾಗೆಯೇ ಹಣತೆಯ ಬತ್ತಿಯನ್ನು ಮೂತಿಯಿಂದ ಸ್ವಲ್ಪವೇ ಹೊರಗೆಳೆದರೆ ಉರಿ ಗಿಡ್ಡವಾಗಿ, ಹೊಗೆಯಿಲ್ಲದೆ, ಗಾಳಿಗೆ ಕಡಿಮೆ ಅಲುಗುತ್ತದೆ.

ಕ್ಯಾಮರಾದ ಉಳಿದ ಗುಣಗಳಲ್ಲಿ ಈ ಕೆಲಸಕ್ಕೆ ಸಂಬಂಧಿಸಿದವು ಕೆಲವೇ. ಮೇಲಕ್ಕೆ ಮಡಚುವ ಪರದೆ ರಂಗೋಲಿಯ ಮಟ್ಟದಿಂದ ಚಿತ್ರ ತೆಗೆಯುವಾಗ ಬಹಳ ಉಪಕಾರಿ. ಐಎಸ್‌ಒ 100ರ 14-ಬಿಟ್ ರಾ ಫೈಲಿನ ಕತ್ತಲ ಭಾಗವನ್ನು ಎರಡು ಸ್ಟಾಪ್ ಎತ್ತಿದರೂ ಗೋಡೆಯ ಸುಣ್ಣದಲ್ಲಿ ಹರಳುಹರಳಾದ ಚುಕ್ಕೆಗಳು ಕಾಣುವುದಿಲ್ಲ. ಅದಕ್ಕಿಂತ ಹೆಚ್ಚು ಎತ್ತುವುದಕ್ಕಿಂತ ಇನ್ನೊಂದು ಚಿತ್ರ ತೆಗೆಯುವುದೇ ಮೇಲು. ಆಪ್ಟಿಕಲ್ ವ್ಯೂಫೈಂಡರಿನಲ್ಲಿ ಎಕ್ಸ್‌ಪೋಷರ್ ಕಾಣದಿರುವುದರಿಂದ ಪ್ರತಿ ಚಿತ್ರದ ಬಳಿಕ ಹಿಸ್ಟೋಗ್ರಾಮ್ ನೋಡಲೇಬೇಕು, ಸೂರ್ಯ ಮುಳುಗಿದ ನಂತರದ ನಾಲ್ಕೈದು ನಿಮಿಷಗಳ ಆ ಅವಧಿಯಲ್ಲಿ ಇದು ನಿಜವಾದ ಕೊರತೆ. ಮೆಮೊರಿ ಕಾರ್ಡಿಗೆ ಒಂದೇ ಜಾಗವಿದೆ ಎಂಬುದನ್ನೂ ನೆನಪಿಡಬೇಕು.

ಇದನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಳ್ಳುವವರು ಲೆನ್ಸಿನ ಮುಚ್ಚಳ ಹಾಕಿ, ವ್ಯೂಫೈಂಡರನ್ನೂ ಮುಚ್ಚಿ, ಐಎಸ್‌ಒ 100ರಲ್ಲಿ ನಾಲ್ಕೈದು ಸೆಕೆಂಡಿನ ಒಂದು ಚಿತ್ರ ತೆಗೆದು ಪೂರ್ಣ ಗಾತ್ರದಲ್ಲಿ ನೋಡಬೇಕು. ಅಲ್ಲಿ ಕೆಂಪು ಅಥವಾ ನೀಲಿ ಚುಕ್ಕೆಗಳು ಬಹಳವಾಗಿ ಕಂಡರೆ ಬೇರೆ ಕ್ಯಾಮರಾ ಹುಡುಕುವುದು ಲೇಸು, ಏಕೆಂದರೆ ಕತ್ತಲ ಗೋಡೆಯ ಮೇಲೆ ಅವು ಸಣ್ಣ ದೀಪಗಳಂತೆಯೇ ಕಾಣುತ್ತವೆ.