1 ಕೆಜಿ ಕಾಳುಮೆಣಸು 299 ರೂಪಾಯಿಗೆ ಹೋಯ್ತು. ಬೆಲೆ ತಪ್ಪಾದಾಗ ನಾನು ಮಾಡಿದ್ದನ್ನು ನೀವು ಮಾಡಬೇಡಿ

ಆನ್‌ಲೈನ್‌ನಲ್ಲಿ ಮಾರುವವರು, ಅದರಲ್ಲೂ ಕ್ಯಾಟಲಾಗ್ ಕೆಲಸವನ್ನು ಬೇರೆಯವರ ಕೈಗೆ ಕೊಟ್ಟವರು ದಯವಿಟ್ಟು ಪೂರ್ತಿ ಓದಿ. ಬರೆಯೋಕೆ ನಾಚಿಕೆ ಆಗ್ತಾ ಇದೆ, ಯಾಕಂದ್ರೆ ಇದರಲ್ಲಿ ಅರ್ಧ ತಪ್ಪು ನನ್ನದೇ. ಬೆಲೆ ತಪ್ಪಾಗಿದ್ದು ಒಂದು ರಾತ್ರಿಯ ಕಥೆ. ಅದನ್ನು ಸರಿಮಾಡಲು ಹೋಗಿ ಹಾಳು ಮಾಡಿಕೊಂಡಿದ್ದು ಒಂದೂವರೆ ವರ್ಷದ ಕೆಲಸ.

ನಮ್ಮದು ಶಿರಸಿ ಹತ್ತಿರ ಅಡಿಕೆ ತೋಟ. ಅಡಿಕೆ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ ಇದೆ. ಮನೆ ಮೆಣಸು ಸಾಲದಾಗ ಅಕ್ಕಪಕ್ಕದವರದ್ದೂ ಕೊಂಡು, ಒಣಗಿಸಿ, ಕೇರಿ, ಪ್ಯಾಕ್ ಮಾಡಿ ಮಾರ್ತೀನಿ. 100 ಗ್ರಾಂಗೆ 139, 250 ಗ್ರಾಂಗೆ 299, ಕೆಜಿಗೆ 1,049. ಮೂರೂ ಒಂದೇ ಪುಟದಲ್ಲಿ, ಗ್ರಾಹಕರು ತೂಕ ಆರಿಸಿಕೊಳ್ಳುವ ಹಾಗೆ. 500 ಗ್ರಾಂದೂ ಹಾಕೋಣ ಅಂತ ಒಬ್ಬ ಲಿಸ್ಟಿಂಗ್ ಏಜೆಂಟ್‌ಗೆ ಹೇಳಿದ್ದೆ. ಮೊದಲು 6,000 ಕೊಟ್ಟಿದ್ದೆ, ಆಮೇಲೆ ತಿಂಗಳಿಗೆ 2,000. ಲಾಗಿನ್ ಪೂರ್ತಿ ಅವನ ಕೈಲಿತ್ತು.

ಶೀಟ್ ರೆಡಿ ಮಾಡಿ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ. "ಮೇಡಂ, ಚೆಕ್ ಮಾಡಿ ಓಕೆ ಹೇಳಿ." ನಾನು ಅಡುಗೆ ಮನೇಲಿದ್ದೆ. ನೋಡಿದೆ, ಹೆಬ್ಬೆರಳು ಒತ್ತಿದೆ. ಆ ಫೋಟೋದಲ್ಲಿ ಹೆಸರು, ತೂಕ, ಎಂಆರ್‌ಪಿ ಅಷ್ಟೇ ಇತ್ತು. ಮಾರುವ ಬೆಲೆಯ ಕಾಲಂ ಬಲಗಡೆ ಆಚೆ ಉಳಿದಿತ್ತು, ಫೋಟೋದಲ್ಲಿ ಬಂದೇ ಇರಲಿಲ್ಲ. ಆಗ ನನಗದು ಹೊಳೆಯಲೇ ಇಲ್ಲ.

ಆಗಿದ್ದು ಇಷ್ಟು. 250 ಗ್ರಾಂ ಸಾಲಿನ 299 ಅನ್ನು ಶೀಟಿನಲ್ಲಿ ಹಿಡಿದು ಕೆಳಗೆ ಎಳೆದಿದ್ದಾನೆ. 500 ಗ್ರಾಂಗೂ 299 ಬಿತ್ತು, ಅದರ ಕೆಳಗಿದ್ದ 1 ಕೆಜಿಗೂ 299 ಬಿತ್ತು. ಎಂಆರ್‌ಪಿ ಮಾತ್ರ ಸರಿಯಾಗಿ 1,200 ಇತ್ತು. ಹಾಗಾಗಿ ಪುಟದಲ್ಲಿ "75% ರಿಯಾಯಿತಿ" ಅಂತ ತಾನೇ ಬಂತು. ಅಂಥದ್ದನ್ನೇ ಹುಡುಕಿ ಹಂಚುವ ಟೆಲಿಗ್ರಾಂ ಗುಂಪುಗಳಿವೆ ಅಂತ ನನಗೆ ಗೊತ್ತಾಗಿದ್ದೇ ಅವತ್ತು. 500 ಗ್ರಾಂ ಒಬ್ಬರೂ ಕೊಳ್ಳಲಿಲ್ಲ. ಅದೇ ದುಡ್ಡಿಗೆ ಕೆಜಿ ಸಿಗುವಾಗ ಯಾರು ಕೊಳ್ತಾರೆ?

ಬೆಳಿಗ್ಗೆ 6:15ಕ್ಕೆ ಫೋನ್ ತೆಗೆದರೆ 44 ಆರ್ಡರ್. ನಮಗೆ ದಿನಕ್ಕೆ ಆರೇಳು ಬಂದರೆ ದೊಡ್ಡದು. ಸತ್ಯ ಹೇಳ್ತೀನಿ, ಖುಷಿಯಿಂದ ನಮ್ಮನೆಯವರನ್ನು ಕೂಗಿ ಎಬ್ಬಿಸಿದೆ. ಅವರು ಕಣ್ಣುಜ್ಜಿಕೊಂಡು ನೋಡಿ, "ಒಂದು ಕೆಜಿಗೆ ಇನ್ನೂರ ತೊಂಬತ್ತೊಂಬತ್ತಾ?" ಅಂದರು. ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯ್ತು.

ಇಲ್ಲೇ ನನ್ನ ಮೊದಲ ತಪ್ಪು. ಗಾಬರಿಯಲ್ಲಿ ನೇರ ಹೋಗಿ ಬೆಲೆಯನ್ನು 1,049 ಅಂತ ತಿದ್ದಿದೆ. ತಿದ್ದಿದ ಬೆಲೆ ಪುಟದಲ್ಲಿ ಕಾಣಿಸಿಕೊಳ್ಳುವ ಹೊತ್ತಿಗೆ ಇಪ್ಪತ್ತು ನಿಮಿಷ ಆಗಿತ್ತು. ಅಷ್ಟರಲ್ಲಿ ಹಳೇ ಬೆಲೆಗೇ ಇನ್ನೂ ಮೂರು ಬಂತು. ಮೊದಲು ಸ್ಟಾಕ್ ಸೊನ್ನೆ ಮಾಡಬೇಕಿತ್ತು. ಸ್ಟಾಕ್ ಸೊನ್ನೆ ಆದರೆ ಮಾರಾಟ ನಿಲ್ಲುತ್ತೆ, ಬೆಲೆಯನ್ನು ಆಮೇಲೆ ನಿಧಾನಕ್ಕೆ ತಿದ್ದಬಹುದು. ಇನ್ನೊಂದು ಮಾತು: ಬೆಲೆ ತಿದ್ದಿದರೆ ಅದು ಮುಂದೆ ಬರುವ ಆರ್ಡರ್‌ಗೆ ಮಾತ್ರ. ಬಂದ ಆರ್ಡರ್ ಬಂದ ಬೆಲೆಗೇ ನಿಂತಿರುತ್ತೆ. ಇದು ನನಗೆ ಗೊತ್ತಿತ್ತು. ಆದರೂ ತಿದ್ದಿದ ತಕ್ಷಣ ಎಲ್ಲಾ ಸರಿಹೋಯ್ತು ಅನ್ನಿಸಿತು.

ಒಟ್ಟು 47 ಆರ್ಡರ್, 71 ಕೆಜಿ. ಒಂದೊಂದು ಆರ್ಡರ್‌ಗೆ ಎಷ್ಟು ಪ್ಯಾಕೆಟ್ ಅಂತ ಮಿತಿ ಹಾಕುವ ಜಾಗ ಶೀಟಿನಲ್ಲಿದೆ, ಅವನು ಖಾಲಿ ಬಿಟ್ಟಿದ್ದ. ಹಾಗಾಗಿ ಐದೈದು ಕೆಜಿ ತಗೊಂಡವರೂ ಇದ್ದರು. ಇದಕ್ಕಿಂತ ಕೆಳಗಿನ ಬೆಲೆ ಒಪ್ಪಬೇಡ ಅಂತ ಹೇಳುವ ಕನಿಷ್ಠ ಬೆಲೆಯ ಜಾಗವೂ ಇದೆ. ಅದೂ ಖಾಲಿ. ಅಲ್ಲಿ 900 ಅಂತ ಒಂದು ಸಂಖ್ಯೆ ಇದ್ದಿದ್ದರೆ ಆ ಪುಟ ತಾನೇ ನಿಲ್ಲುತ್ತಿತ್ತು.

ನಮಗೆ ಮೆಣಸೇ ಕೆಜಿಗೆ 640 ಬಿದ್ದಿತ್ತು, ಪ್ಯಾಕಿಂಗ್ 15. ಕಮಿಷನ್, ಸಾಗಣೆ, ಜಿಎಸ್‌ಟಿ ಎಲ್ಲಾ ಕಳೆದು 299ರಲ್ಲಿ ಕೈಗೆ ಬರೋದು ಹತ್ತಿರ ಹತ್ತಿರ 155. ಅಂದರೆ ಕೆಜಿಗೆ 500 ನಷ್ಟ. ಎಲ್ಲಾ ಕಳಿಸಿದರೆ 35,500 ಕೈಬಿಡುತ್ತಿತ್ತು.

ಏಜೆಂಟ್‌ಗೆ ಫೋನ್ ಮಾಡಿದೆ. ಅವನ ಮಾತು ಇದ್ದ ಹಾಗೇ ಬರೀತೀನಿ: "ಟೆನ್ಷನ್ ಬೇಡ ಮೇಡಂ, ಹತ್ತು ನಿಮಿಷದ ಕೆಲಸ. ಆ ಪುಟದಲ್ಲಿ 1 ಕೆಜಿ ಇರೋದನ್ನ 250 ಗ್ರಾಂ ಅಂತ ಮಾಡಿಬಿಡ್ತೀನಿ. ನೀವು 250 ಗ್ರಾಂ ಪ್ಯಾಕೆಟ್ ಕಳಿಸಿ. ಬೆಲೆಗೆ ತೂಕ ಸರಿಹೋಯ್ತಲ್ಲ, ಯಾರು ಕೇಳ್ತಾರೆ?"

ನಾನು ಒಪ್ಪಿದೆ. ಹೌದು, ಒಪ್ಪಿದೆ. 35,500 ಕಣ್ಣ ಮುಂದಿತ್ತು. ಒಂದೊಂದೇ ಪ್ಯಾಕೆಟ್ ಇದ್ದ ಆರ್ಡರ್‌ಗಳನ್ನು ಮೊದಲು ಕಳಿಸೋಣ ಅಂತ 19 ಪ್ಯಾಕ್ ಮಾಡಿ ಮಧ್ಯಾಹ್ನದ ಪಿಕಪ್‌ಗೆ ಕೊಟ್ಟೂ ಆಯ್ತು.

ಇಪ್ಪತ್ತನೇದಕ್ಕೆ ಬಿಲ್ ಅಂಟಿಸ್ತಾ ಇದ್ದವರು ನಮ್ಮ ಮಾವ. ಕನ್ನಡಕ ಏರಿಸಿ ಓದಿ, ಪ್ಯಾಕೆಟ್ ಕೈಲಿ ತೂಗಿ ನೋಡಿ ಕೇಳಿದರು: "ತಂಗಿ, ಈ ಬಿಲ್ಲಲ್ಲಿ ಒಂದು ಕೆಜಿ ಅಂತ ಇದೆಯಲ್ಲ. ಇದು ಕಾಲು ಕೆಜಿ ಅಲ್ವಾ?"

ಬಿಲ್ ತಗೊಂಡು ನೋಡಿದೆ. ನಿವ್ವಳ ತೂಕ 1 ಕೆಜಿ, ಬೆಲೆ 299. ಪುಟವನ್ನು ನಾವು ತಿದ್ದಬಹುದು, ಆದರೆ ಆರ್ಡರ್ ಆದ ಕ್ಷಣದಲ್ಲಿ ಪುಟದಲ್ಲಿ ಏನಿತ್ತೋ ಅದನ್ನೇ ಆರ್ಡರ್ ಹಿಡಿದಿಟ್ಟುಕೊಂಡಿರುತ್ತೆ. ಬಿಲ್ ಅಲ್ಲಿಂದ ಬರುತ್ತೆ. ಗ್ರಾಹಕರ ಇಮೇಲ್‌ನಲ್ಲೂ ಅದೇ ಇರುತ್ತೆ. ಕಾಲು ಕೆಜಿ ಪ್ಯಾಕೆಟ್ ಮೇಲೆ ಒಂದು ಕೆಜಿ ಬಿಲ್ ಅಂಟಿಸಿ 19 ಮನೆಗೆ ನಾನೇ ಕಳಿಸಿದ್ದೆ. ನನ್ನ ಕಳ್ಳತನಕ್ಕೆ ನಾನೇ ರಸೀದಿ ಬರೆದು ಕೊಟ್ಟ ಹಾಗೆ. ಮಾವನ ಮುಖ ನೋಡೋಕೆ ಆಗಲಿಲ್ಲ. ಅವರು ಏನೂ ಬೈಯಲಿಲ್ಲ, ಪ್ಯಾಕೆಟ್ ಕೆಳಗಿಟ್ಟು ಎದ್ದು ಹೋದರು. ಬೈದಿದ್ದರೆ ವಾಸಿ ಇತ್ತು.

ಉಳಿದ 28 ನಿಲ್ಲಿಸಿದೆ. ಸೆಲ್ಲರ್ ಸಪೋರ್ಟ್‌ಗೆ ಬರೆದೆ, ನಡೆದಿದ್ದನ್ನು ಹೇಳಿದೆ. ಉತ್ತರ: "ಬೆಲೆ ನಮೂದಿಸುವುದು ಮಾರಾಟಗಾರರ ಜವಾಬ್ದಾರಿ. ಬಂದಿರುವ ಆರ್ಡರ್‌ಗಳ ಬೆಲೆ ಬದಲಿಸಲು ಸಾಧ್ಯವಿಲ್ಲ. ನೀವು ರದ್ದು ಮಾಡಬಹುದು, ಅದು ನಿಮ್ಮ ರದ್ದತಿ ಪ್ರಮಾಣಕ್ಕೆ ಸೇರುತ್ತದೆ." ಮತ್ತೆ ಬರೆದೆ, ಅದೇ ಉತ್ತರ. ಮೂರನೇ ಸಲ ಬೇರೆ ಹೆಸರಿನವರು, ಅಕ್ಷರ ಬದಲಾಗದ ಅದೇ ಉತ್ತರ.

ಏಜೆಂಟ್ ಇದಕ್ಕೂ ಒಂದು ಉಪಾಯ ಹೇಳಿದ. "ರದ್ದು ಮಾಡುವಾಗ ಕಾರಣ 'ಗ್ರಾಹಕರೇ ಕೇಳಿದರು' ಅಂತ ಹಾಕಿ ಮೇಡಂ, ನಿಮ್ಮ ಲೆಕ್ಕಕ್ಕೆ ಸೇರಲ್ಲ." ಈ ಸಲ ಕೇಳಲಿಲ್ಲ. ರದ್ದಾದಾಗ ಗ್ರಾಹಕರಿಗೆ ಸುದ್ದಿ ಹೋಗುತ್ತೆ. "ನಾನು ಕೇಳೇ ಇಲ್ಲ" ಅಂತ ಒಬ್ಬರು ದೂರು ಕೊಟ್ಟರೆ ಸಾಕು, ಬೆಲೆ ತಪ್ಪಿದ ಕೇಸು ಸುಳ್ಳು ಹೇಳಿದ ಕೇಸಾಗುತ್ತೆ. 28ಕ್ಕೂ "ಬೆಲೆ ತಪ್ಪು" ಅನ್ನೋ ಕಾರಣವನ್ನೇ ಹಾಕಿದೆ. ಅದಕ್ಕೂ ಮೊದಲು ಪ್ರತಿಯೊಬ್ಬರಿಗೂ ಪ್ಯಾನಲ್‌ನಿಂದ ಮೆಸೇಜ್ ಕಳಿಸಿದೆ: 1,049ರ ಜಾಗದಲ್ಲಿ 299 ಅಂತ ಬಿದ್ದಿದೆ, ತಪ್ಪು ನಮ್ಮದು, ಕಳಿಸಲು ಆಗ್ತಿಲ್ಲ, ನಿಮ್ಮ ಹಣ ಪೂರ್ತಿ ವಾಪಸ್ ಬರುತ್ತೆ. ನಾಲ್ಕು ಸಾಲು, ಅಷ್ಟೇ. ಬೈದವರು ಐದಾರು ಜನ. ಒಬ್ಬರು "ಪರವಾಗಿಲ್ಲ, ಅಷ್ಟು ಕಡಿಮೆಗೆ ಹೇಗೆ ಕೊಡ್ತೀರಿ ಅಂತ ನನಗೂ ಅನುಮಾನ ಇತ್ತು" ಅಂದರು.

ಹಾನಿ ಆಗಿದ್ದು ಆ 28ರಿಂದ ಅಲ್ಲ. ಕಳಿಸಿದ 19ರಿಂದ. ಬಿಲ್ ಸಮೇತ ಫೋಟೋ ಹಾಕಿ 15 ಜನ ದೂರು ಕೊಟ್ಟರು. ತಿನ್ನುವ ವಸ್ತು ಆದ್ದರಿಂದ ಮಾಲು ವಾಪಸ್ ಬರಲ್ಲ, ದುಡ್ಡು ಮಾತ್ರ ವಾಪಸ್ ಹೋಗುತ್ತೆ. ಏನೂ ಹೇಳದ ನಾಲ್ವರಿಗೂ ನಾನೇ ರಿಫಂಡ್ ಕೊಟ್ಟೆ. ಪುಟದ ಕೆಳಗೆ "1 ಕೆಜಿ ಅಂತ ಹೇಳಿ ಕಾಲು ಕೆಜಿ ಕಳಿಸ್ತಾರೆ, ಮೋಸ" ಅಂತ ಒಂದು ನಕ್ಷತ್ರದ ವಿಮರ್ಶೆಗಳು ಬಿದ್ದವು. ಓದಿ ಅತ್ತುಬಿಟ್ಟೆ, ಯಾಕಂದ್ರೆ ಅದರಲ್ಲಿ ಒಂದಕ್ಷರ ಸುಳ್ಳಿಲ್ಲ.

ಮೂರನೇ ದಿನಕ್ಕೆ ಪುಟವೇ ಮುಚ್ಚಿತು. ಕಾರಣ ಬೆಲೆ ಅಲ್ಲ, ರದ್ದತಿಯೂ ಅಲ್ಲ. ಮಾರಾಟ ಆಗ್ತಿರುವ ಪುಟದಲ್ಲಿ ತೂಕ ಬದಲಿಸಿ ಬೇರೆ ವಸ್ತು ಮಾಡಿದ್ದು. ಕೆಜಿ ಪ್ಯಾಕೆಟ್‌ಗೆ ಬಂದ ಹಳೇ ಒಳ್ಳೇ ವಿಮರ್ಶೆಗಳು ಕಾಲು ಕೆಜಿ ಪ್ಯಾಕೆಟ್ ಕೆಳಗೆ ಕಾಣೋದು ನಿಯಮಕ್ಕೆ ವಿರುದ್ಧ. 212 ವಿಮರ್ಶೆ ಇತ್ತು, ಒಂದೂವರೆ ವರ್ಷದ್ದು. ಎಲ್ಲಾ ಹೋಯ್ತು.

ಏಜೆಂಟ್‌ನನ್ನು ಕೇಳಿದ್ದಕ್ಕೆ ನನ್ನ ಹೆಬ್ಬೆರಳಿನ ಸ್ಕ್ರೀನ್‌ಶಾಟ್ ಕಳಿಸಿದ. "ಶೀಟ್ ನೀವೇ ಅಪ್ರೂವ್ ಮಾಡಿದ್ದೀರಲ್ಲ ಮೇಡಂ." ಅರ್ಧ ಶೀಟಿನ ಫೋಟೋ ಕಳಿಸಿ ಪೂರ್ತಿ ಶೀಟಿಗೆ ಒಪ್ಪಿಗೆ ತಗೊಂಡಿದ್ದಾನೆ ಅಂತ ಅರ್ಥ ಆಗಿದ್ದೇ ಆಗ. ಬೇಕಂತ ಮಾಡಿದನೋ ಗೊತ್ತಿಲ್ಲ. ಆದರೆ ಅದರ ಮುಂದಿನ ಸಾಲು ನೋಡಿ: "ಪುಟ ವಾಪಸ್ ತರಿಸೋಕೆ ಅಪೀಲ್ ಹಾಕಬೇಕು, 1,500 ಆಗುತ್ತೆ." ಅವನೇ ಬದಲಿಸಿದ ತೂಕಕ್ಕೆ ಅವನಿಗೇ 1,500!

ಗ್ರಾಹಕರ ಹಕ್ಕಿನ ವಿಷಯ ಗೊತ್ತಿರುವ ಸಂಬಂಧಿಕರೊಬ್ಬರನ್ನು ಕೇಳಿದೆ. ಒಬ್ಬರ ಕಡೆಯಿಂದ ಮಾತ್ರ ತಪ್ಪಾಗಿದೆ ಅಂತ ಒಪ್ಪಂದ ತಾನೇ ರದ್ದಾಗಲ್ಲ, 1872ರ ಕರಾರು ಕಾಯ್ದೆಯ 22ನೇ ಕಲಮು ಅದನ್ನೇ ಹೇಳೋದು ಅಂದರು. ಹೇಳಿದ್ದಕ್ಕೂ ಕಳಿಸಿದ್ದಕ್ಕೂ ಹೊಂದದಿದ್ದರೆ ದುಡ್ಡು ವಾಪಸ್ ಕೊಡಲ್ಲ ಅನ್ನುವ ಹಾಗಿಲ್ಲ, 2020ರ ಇ-ಕಾಮರ್ಸ್ ನಿಯಮದಲ್ಲೇ ಇದೆ ಅಂದರು. ಹಾಗಾಗಿ "ನಮ್ಮ ಕಡೆ ಟೈಪಿಂಗ್ ತಪ್ಪು" ಅಂತ ಗಟ್ಟಿ ದನಿಯಲ್ಲಿ ವಾದಿಸೋಕೆ ಹೋಗಬೇಡಿ, ಬೇಡಿಕೊಳ್ಳೋದೇ ದಾರಿ.

ನಿಮಗೂ ಹೀಗಾದರೆ ಮೊದಲು ಸ್ಟಾಕ್ ಸೊನ್ನೆ ಮಾಡಿ. ತಪ್ಪು ಕಾಣುವ ಪುಟದ ಸ್ಕ್ರೀನ್‌ಶಾಟ್ ತೆಗೆದು, ಬಂದ ಆರ್ಡರ್‌ಗಳ ಪಟ್ಟಿ ಇಳಿಸಿಕೊಳ್ಳಿ. ಕಳಿಸೋಕೆ ನನಗೆ ಎರಡು ದಿನದ ಗಡುವಿತ್ತು, ನಿಮಗೂ ಸ್ವಲ್ಪ ಸಮಯ ಇರುತ್ತೆ, ಆ ಹೊತ್ತಲ್ಲಿ ಲೆಕ್ಕ ಹಾಕಿ. ನಾಲ್ಕೈದು ಆರ್ಡರ್ ಆದರೆ ನಷ್ಟ ನುಂಗಿ ಕಳಿಸಿಬಿಡಿ. ತಾಳಲಾರದಷ್ಟಾದರೆ ನಿಜ ಹೇಳಿ ರದ್ದು ಮಾಡಿ. ಆದರೆ ಆರ್ಡರ್ ಬಂದ ಪುಟದಲ್ಲಿ ತೂಕ, ಸಂಖ್ಯೆ, ಅಳತೆ ಮುಟ್ಟಬೇಡಿ. ಅದೇ ತಪ್ಪಾಗಿದ್ದರೆ ಆ ಪುಟ ನಿಲ್ಲಿಸಿ ಬೇರೆ ಹೊಸ ಪುಟ ಮಾಡಿ. ಮತ್ತೆ ದಯವಿಟ್ಟು, ಶೀಟಿನ ಫೋಟೋಗೆ ಓಕೆ ಹೇಳಬೇಡಿ. ಫೈಲೇ ತರಿಸಿಕೊಂಡು ಬೆಲೆ ಕಾಲಂ ಮೇಲೆ ಬೆರಳಿಟ್ಟು ಓದಿ.

ಅವನ 1,500 ಕೊಡಲಿಲ್ಲ. ಪಾಸ್‌ವರ್ಡ್ ಬದಲಿಸಿ ಅವನನ್ನು ಹೊರಗೆ ಹಾಕಿದೆ. ನಾನೇ ಬರೆದ ಅಪೀಲ್ ಎರಡು ಸಲ ವಾಪಸ್ ಬಂದಿದೆ. ಕೆಜಿ ಪ್ಯಾಕೆಟ್‌ಗೆ ಹೊಸ ಪುಟ ಮಾಡಿದೀನಿ, ಕನಿಷ್ಠ ಬೆಲೆ 900, ಒಬ್ಬರಿಗೆ ಎರಡೇ ಪ್ಯಾಕೆಟ್. ಹತ್ತು ದಿನ ಆದಮೇಲೆ ಮೊನ್ನೆ ಮೊದಲ ಆರ್ಡರ್ ಬಂತು, 1,049ಕ್ಕೆ. ಮಾವ ತಕ್ಕಡಿ ತಂದು ಎದುರಿಗಿಟ್ಟು, ಬಿಲ್ ಓದಿ ಹೇಳು ಅಂದರು. ಓದಿದೆ, ಅವರು ತೂಗಿದರು, ಆಮೇಲೆ ಅಂಟಿಸಿದೆವು.