ಒಂದಾ, ಏಳಾ? ಫಾರಂ ಮೇಲೆ ಬರೆದು ನೋಡಿದ್ದು

ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮ್ಮೂರ ಹಾಲಿನ ಸೊಸೈಟಿಯಲ್ಲಿ ಸದಸ್ಯರ ಫಾರಂಗಳನ್ನು ಕಂಪ್ಯೂಟರಿಗೆ ಏರಿಸುವವಳು ನಾನು. ಹೋದ ಮಳೆಗಾಲದಲ್ಲಿ ಒಬ್ಬ ಅಜ್ಜನ ಫೋನ್ ನಂಬರಿನ ಕೊನೆಯ 1701 ನನ್ನ ಕಣ್ಣಿಗೆ 1101 ಆಯಿತು. ಅವರ ಹಾಲಿನ ಲೆಕ್ಕದ ಮೆಸೇಜು ಎರಡು ತಿಂಗಳು ಯಾರದೋ ಫೋನಿಗೆ ಹೋಯಿತು. ಆಧಾರ್‌ನಲ್ಲಾದರೆ ಒಂದು ಅಂಕಿ ತಪ್ಪಿದರೂ ಕಂಪ್ಯೂಟರ್ ಒಪ್ಪುವುದಿಲ್ಲ, ಕೊನೆಯ ಅಂಕಿ ಇರುವುದೇ ಉಳಿದವನ್ನು ತಾಳೆ ನೋಡಲಿಕ್ಕೆ. ಮೊಬೈಲ್ ನಂಬರಿಗೆ ಆ ಕಾವಲಿಲ್ಲ. 6, 7, 8 ಅಥವಾ 9ರಿಂದ ಶುರುವಾದ ಹತ್ತು ಅಂಕಿ ಇದ್ದರೆ ಸಾಕು. ಮೊದಲ ಮನೆಯಲ್ಲಿ ಒಂದು ಕಂಡರೆ ಅದು ಏಳೇ ಇರಬೇಕು ಎನ್ನಬಹುದು, ನಡುವೆ ಬಂದರೆ ದೇವರೇ ಗತಿ.

ಹಾಗಾಗಿ ಖಾಲಿ ಫಾರಂಗಳ ಮೇಲೆ ಒಂದೇ ನಂಬರನ್ನು ಬೇರೆ ಬೇರೆ ರೀತಿಯಲ್ಲಿ ಬರೆದು, ಜೆರಾಕ್ಸ್ ತೆಗೆದು, ತಂಗಿಗೂ ಕೌಂಟರಿನ ಹುಡುಗನಿಗೂ ಓದಲು ಕೊಟ್ಟೆ.

ಒಂದಕ್ಕೆ ಬರೀ ನೆಟ್ಟಗೆ ಗೆರೆ ಎಳೆದದ್ದೇ ಗೆದ್ದಿತು. ಶಾಲೆಯಲ್ಲಿ ಕೆಲವರು ಕಲಿತ, ತಲೆಯಿಂದ ಕೆಳಕ್ಕೆ ಓರೆಗೆರೆ ಇರುವ ಒಂದೇ ಎಲ್ಲ ರಗಳೆಗೂ ಮೂಲ. ಅವಸರದಲ್ಲಿ ಆ ಓರೆ ಮಲಗಿ ಅಡ್ಡವಾದರೆ ಅದು ಏಳು. ಬುಡಕ್ಕೂ ಪೀಠ ಕೊಟ್ಟು ಬರೆದೆ. ನಿಧಾನಕ್ಕೆ ಬರೆದಾಗ ಚಂದ, ಬೇಗ ಬರೆದಾಗ ತಂಗಿ ಅದನ್ನು ಎರಡು ಎಂದು ಓದಿದಳು. ನೆಟ್ಟಗೆರೆಗೂ ಒಂದು ದೋಷ ಇದೆ: ಫಾರಂನ ಚೌಕದ ಗೆರೆಗೆ ತಾಗಿದರೆ ಜೆರಾಕ್ಸಿನಲ್ಲಿ ಮಾಯ. ಚೌಕದ ನಟ್ಟನಡುವೆ ಬರೆಯಬೇಕು.

ಏಳಕ್ಕೆ ನಡುವೆ ಸಣ್ಣ ಅಡ್ಡಗೀಟು ಹಾಕಿದ್ದು ಉತ್ತಮ, ಒಬ್ಬರೂ ಒಂದು ಎನ್ನಲಿಲ್ಲ. ಆದರೆ ಗೀಟು ಸೊಂಟದ ಎತ್ತರದಲ್ಲೇ ಇರಬೇಕು, ತಲೆಯ ಗೆರೆಯೂ ಅಗಲವಾಗಿರಬೇಕು. ತಲೆ ಗಿಡ್ಡವಾಗಿ ಗೀಟು ಉದ್ದವಾದದ್ದನ್ನು ಹುಡುಗ “ಅಕ್ಕ, ಇದು ನಾಲ್ಕಲ್ವಾ?” ಎಂದ.

ಸೊನ್ನೆಗೆ ಓರೆಗೀಟು ಬೇಡವೇ ಬೇಡ. ಅದು ಇಂಗ್ಲಿಷ್ ‘ಓ’ ಅಕ್ಷರದಿಂದ ಬೇರೆ ಮಾಡಲಿಕ್ಕೆ. ಫೋನ್ ನಂಬರಿನಲ್ಲಿ ಅಕ್ಷರವೆಲ್ಲಿದೆ? ಜೆಲ್ ಪೆನ್ನಿನಲ್ಲಿ ಶಾಯಿ ತುಂಬಿ ಎಂಟಾಗುತ್ತದೆ, ಇಲ್ಲವೇ ಹೊಡೆದು ಹಾಕಿದ ಹಾಗೆ ಕಾಣುತ್ತದೆ. ಸೊನ್ನೆ ಕೆಡುವುದು ಬೇರೆ ಕಡೆ: ಮೇಲೆ ಕೂಡದೆ ತುದಿ ಒಳಗೆ ಸುತ್ತಿಕೊಂಡರೆ ಆರು. ಬಾಯಿ ಮುಚ್ಚಿಸಿದರೆ ಮುಗಿಯಿತು.

ಓದುವವರಿಗೂ ಒಂದು ಅನುಕೂಲ ನಮ್ಮ ಜಿಲ್ಲೆಯಲ್ಲೇ ಇದೆ. ಇಲ್ಲಿಯ ಪಿನ್‌ಕೋಡ್ 671ರಿಂದ ಶುರು. ಫಾರಂ ತುಂಬಿದವರ ಏಳೂ ಒಂದೂ ಅಕ್ಕಪಕ್ಕದಲ್ಲೇ ಕೂತಿರುತ್ತವೆ, ಫೋನ್ ನಂಬರಿನ ಅಂಕಿಯನ್ನು ಅವುಗಳೊಡನೆ ಹಿಡಿದು ನೋಡಬಹುದು. ಆ ಅಜ್ಜನ ಫಾರಂ ಮತ್ತೆ ತೆಗೆದೆ. ಪಿನ್‌ಕೋಡಿನಲ್ಲಿ ಏಳರ ತಲೆ ಚೌಕದ ಅರ್ಧದಷ್ಟು ಅಗಲ, ಒಂದರದ್ದು ಬರೀ ಒಂದು ಚುಕ್ಕಿಯಷ್ಟು. ಅಜ್ಜ ಸರಿಯಾಗಿಯೇ ಬರೆದಿದ್ದರು.